‘ಸರಿಯಿಲ್ಲ’ ಅಂದ್ರೆ ಸಾಲದು

ಚಿಕ್ಕಪ್ಪನ ಹಾರ್ಡ್‌ವೇರ್ ಅಂಗಡಿಗೆ ಒಂದು ಕಂಪನಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿತ್ತು. ಟೆಸ್ಟಿಂಗ್‌ನಲ್ಲಿ ಸ್ಟಾಕ್ ಲೆಕ್ಕ ತಪ್ಪಿತು. ‘ಸಾಫ್ಟ್‌ವೇರ್ ಸರಿಯಿಲ್ಲ, ಬೇಗ ಸರಿಮಾಡಿ’ ಅಂತ ಚಿಕ್ಕಪ್ಪ ಪತ್ರ ಬರೆದರು. ವಕೀಲರು ತಡೆದರು: “ಒಪ್ಪಂದದ ಯಾವ ಷರತ್ತು ಪಾಸಾಗಿಲ್ಲ, ಅದನ್ನ ಬರೀರಿ.”

ಷರತ್ತು 4.2 ಹೀಗಿತ್ತು: ಸ್ಟಾಕ್ ಸಾಲದಿದ್ದರೆ ಬಿಲ್ ಸೇವ್ ಆಗಬಾರದು. ನಾನೂ ಚಿಕ್ಕಪ್ಪನೂ ಎರಡು ಕೌಂಟರ್‌ನಲ್ಲಿ ಕೂತು ಮತ್ತೆ ಟೆಸ್ಟ್ ಮಾಡಿದ್ವಿ. ಇದ್ದದ್ದು 5 ಪೈಪ್. ಇಬ್ಬರೂ ಒಂದೇ ಕ್ಷಣಕ್ಕೆ ತಲಾ 3 ಪೈಪಿಗೆ ಬಿಲ್ ಹಾಕಿದ್ವಿ. ಎರಡೂ ಸೇವ್ ಆದವು! ಮಾರಿದ್ದು 6, ಆದರೂ ಸ್ಟಾಕ್ 2 ಅಂತ ತೋರಿಸಿತು.

ಎರಡೂ ಕೌಂಟರ್ 5 ಅಂತ ಓದಿ 2 ಅಂತ ಬರೆದಿರಬೇಕು, ಡಿಬಿಎಂಎಸ್‌ನಲ್ಲಿ ಬರೋ ‘ಲಾಸ್ಟ್ ಅಪ್‌ಡೇಟ್’. ಅದನ್ನೂ ನೋಟಿಸ್‌ಗೆ ಸೇರಿಸೋಣ ಅಂದೆ. ವಕೀಲರು ಬೇಡ ಅಂದರು. ಕಾರಣ ಹುಡುಕೋದು ಮಾಡಿಕೊಟ್ಟವರ ಕೆಲಸ. ನಮ್ಮ ಊಹೆ ತಪ್ಪಾದರೆ ವಾದ ಊಹೆಯ ಮೇಲೇ ನಿಲ್ಲುತ್ತೆ. ಹಾಗಾಗಿ ಷರತ್ತಿನ ನಂಬರ್, ವರ್ಷನ್, ಟೆಸ್ಟ್ ಮಾಡಿದ ಹಂತಗಳು, ಬರಬೇಕಿದ್ದ ಫಲಿತಾಂಶ, ಬಂದ ಫಲಿತಾಂಶ, ಇಷ್ಟೇ ಬರೆದ್ವಿ. ವಾಟ್ಸಾಪ್‌ನಲ್ಲಿ ಬಿಲ್ ಹೋಗಬೇಕು ಅನ್ನೋ ಚಿಕ್ಕಪ್ಪನ ಆಸೆಯನ್ನು ಕೈಬಿಟ್ವಿ. ಅದು ಒಪ್ಪಂದದಲ್ಲೇ ಇರಲಿಲ್ಲ, ಅಂದಮೇಲೆ ಅದು ದೋಷವಲ್ಲ, ಹೊಸ ಕೆಲಸ.

ಸರಿಪಡಿಸಲು ಒಪ್ಪಂದ ಕೊಟ್ಟಿದ್ದ ಗಡುವು 15 ದಿನ, ನೋಟಿಸ್ ತಲುಪಿದ ದಿನದಿಂದ ಲೆಕ್ಕ. ಅದಕ್ಕೇ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ, ಸ್ವೀಕೃತಿ ಬರೋ ಹಾಗೆ ಕಳಿಸಿದ್ವಿ. ಅಲ್ಲಿಯವರೆಗೆ ಹಳೇ ಬಿಲ್ ಪುಸ್ತಕವೇ ಗತಿ. ಯಾಕಂದ್ರೆ ನಿಜವಾದ ವ್ಯಾಪಾರಕ್ಕೆ ಬಳಸಿದರೆ ಸಾಫ್ಟ್‌ವೇರ್ ಒಪ್ಪಿಕೊಂಡಂತೆ ಅಂತ ಅದೇ ಒಪ್ಪಂದದಲ್ಲಿ ಒಂದು ಸಾಲಿತ್ತು.

ಹನ್ನೆರಡನೇ ದಿನ ಹೊಸ ವರ್ಷನ್ ಬಂತು. ಮತ್ತೆ ಅದೇ 5 ಪೈಪ್, ಅದೇ ಎರಡು ಕೌಂಟರ್. ಈ ಸಲ ನನ್ನ ಬಿಲ್ ಸೇವ್ ಆಗಲಿಲ್ಲ.