ಪತ್ರದಲ್ಲಿ ಬಿಟ್ಟುಹೋದ ಒಂದು ಸಾಲು

ನಾನು ಬ್ಯಾಂಕಿನ ಸಾಲ ವಿಭಾಗಕ್ಕೆ ಬಂದಾಗ ಗೃಹಸಾಲದ ಲೆಕ್ಕವೆಲ್ಲ ದಪ್ಪ ಲೆಡ್ಜರುಗಳಲ್ಲಿತ್ತು. ಸಾಲಗಾರರು ಕಂತು ಕಟ್ಟಲು ಬರುತ್ತಿದ್ದರೇ ಹೊರತು, ಅಸಲಿಗೆ ಒಂದಿಷ್ಟು ಹಣ ಮುಂಚಿತವಾಗಿ ಕಟ್ಟುತ್ತೇನೆಂದು ಪತ್ರ ಹಿಡಿದು ಬರುವವರು ವಿರಳ. ಅದಕ್ಕೆ ಕಾರಣವೂ ಇತ್ತು. ಹಾಗೆ ಕಟ್ಟಿದ ಹಣದ ಮೇಲೆ ಶೇ 2ರಷ್ಟು ದಂಡ ಹಾಕುವ ರೂಢಿ ಹಲವು ಕಡೆ ಇತ್ತು. ಇನ್ನು ಕೆಲವು ಸಾಲಗಳಲ್ಲಿ ಬಡ್ಡಿಯನ್ನು ವರ್ಷಕ್ಕೊಮ್ಮೆ, ಮಾರ್ಚ್ ಕೊನೆಯ ಬಾಕಿಯ ಮೇಲೆ ಲೆಕ್ಕ ಹಾಕುತ್ತಿದ್ದರು. ಅಂಥ ಸಾಲಕ್ಕೆ ಜೂನ್ ಕೊನೆಯಲ್ಲಿ ₹50,000 ಕಟ್ಟಿದರೆ ಅದು ಅಸಲಿನಿಂದ ಕಳೆಯುತ್ತಿದ್ದುದು ಮುಂದಿನ ಏಪ್ರಿಲ್‌ಗೆ. ಬಡ್ಡಿ ಶೇ 14 ಇದ್ದರೆ ಆ 9 ತಿಂಗಳಲ್ಲಿ ₹5,250 ಸುಮ್ಮನೆ ಹೋದಂತೆ. ಇದನ್ನು ಬಲ್ಲವರು ಹಣವನ್ನು ಎಸ್‌ಬಿ ಖಾತೆಯಲ್ಲೇ ಇಟ್ಟುಕೊಂಡು ಮಾರ್ಚ್ ಕೊನೆಯ ವಾರದಲ್ಲಿ ಬರುತ್ತಿದ್ದರು.

ಮಾಸಿಕ ಮತ್ತು ದೈನಂದಿನ ಬಾಕಿಯ ಲೆಕ್ಕ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. 2012ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್, ಬದಲಾಗುವ ಬಡ್ಡಿದರದ ಗೃಹಸಾಲಗಳ ಮೇಲೆ ಬ್ಯಾಂಕುಗಳು ಮುಂಗಡ ಪಾವತಿ ದಂಡ ಹಾಕಕೂಡದೆಂದಿತು. ಅಲ್ಲಿಂದಾಚೆ ನನ್ನ ಮೇಜಿನ ಮೇಲೆ ಪತ್ರಗಳು ಹೆಚ್ಚಿದವು. ಬೋನಸ್ ಬಂದವರು, ಸೈಟು ಮಾರಿದವರು, ಅಡಿಕೆ ದುಡ್ಡು ಕೈಸೇರಿದವರು ಎಲ್ಲರೂ ಬರೆಯುತ್ತಿದ್ದರು. ಆದರೆ ಹೆಚ್ಚಿನ ಪತ್ರಗಳಲ್ಲಿ ಮುಖ್ಯವಾದ ಸಾಲೇ ಇರುತ್ತಿರಲಿಲ್ಲ. 'ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬೇಕಾಗಿ ವಿನಂತಿ' ಎಂದು ಬರೆದು ಸಹಿ ಹಾಕಿಬಿಡುತ್ತಿದ್ದರು. ಕಂತು ಕಡಿಮೆಯಾಗಬೇಕೋ, ಅವಧಿ ಕಡಿಮೆಯಾಗಬೇಕೋ ಎನ್ನುವುದನ್ನು ಬರೆಯುತ್ತಿರಲಿಲ್ಲ.

2019ರ ಜನವರಿಯಲ್ಲಿ ಪ್ರೌಢಶಾಲೆಯ ಮೇಷ್ಟ್ರೊಬ್ಬರು ಇಂಥದ್ದೇ ಪತ್ರ ತಂದರು. ಬಾಕಿ ₹17,74,187, ಬಡ್ಡಿ ಶೇ 9, ಕಂತು ₹17,995, ಇನ್ನೂ 180 ಕಂತುಗಳಿದ್ದವು. ಕಟ್ಟಲು ತಂದದ್ದು ₹3 ಲಕ್ಷದ ಚೆಕ್ಕು.

"ಕಂತು ಇಳಿಸಿಕೊಡಿ ಸಾರ್, ತಿಂಗಳ ಖರ್ಚಿಗೆ ಅನುಕೂಲ" ಎಂದರು.

"ಇಳಿಸಬಹುದು ಮೇಷ್ಟ್ರೇ, ಮೊದಲು ಎರಡೂ ಲೆಕ್ಕ ನೋಡಿಬಿಡಿ" ಎಂದು ಕುರ್ಚಿ ತೋರಿಸಿದೆ.

ಅವಧಿಯನ್ನು ಹಾಗೇ ಇಟ್ಟು ಕಂತು ಇಳಿಸಿದರೆ ತಿಂಗಳಿಗೆ ಸುಮಾರು ₹14,950 ಆಗುತ್ತಿತ್ತು. ಕೊನೆಯವರೆಗೆ ಉಳಿತಾಯವಾಗುವ ಬಡ್ಡಿ ಸುಮಾರು ₹2.48 ಲಕ್ಷ. ಕಂತನ್ನು ₹17,995ಕ್ಕೇ ಬಿಟ್ಟರೆ ಸಾಲ 128 ತಿಂಗಳಿಗೆ ತೀರಿ, ಉಳಿತಾಯವಾಗುವ ಬಡ್ಡಿ ಸುಮಾರು ₹6.44 ಲಕ್ಷ. ಕಟ್ಟುವ ₹3 ಲಕ್ಷ ಎರಡರಲ್ಲೂ ಒಂದೇ. ವ್ಯತ್ಯಾಸ ಬರುವುದು ಆಮೇಲೆ. ಬಡ್ಡಿ ಇಳಿದಷ್ಟೂ ಅದೇ ಕಂತಿನಲ್ಲಿ ಅಸಲಿಗೆ ಹೆಚ್ಚು ಹೋಗುತ್ತದೆ, ಅದು ಮುಂದಿನ ತಿಂಗಳ ಬಡ್ಡಿಯನ್ನು ಇನ್ನಷ್ಟು ಇಳಿಸುತ್ತದೆ. ಸಂಬಳಕ್ಕೆ ಕುತ್ತು ಬಂದವರಿಗೆ, ಮನೆಯಲ್ಲಿ ಕಾಯಿಲೆ ಇರುವವರಿಗೆ ಕಂತು ಇಳಿಸುವುದೇ ಸರಿ. ಮೇಷ್ಟ್ರಿಗೆ ಅಂಥ ತೊಂದರೆ ಇರಲಿಲ್ಲ.

ಅವರು ಅಲ್ಲೇ ಕೂತು ಪತ್ರವನ್ನು ಬೇರೆ ಬರೆದರು. ದುಂಡು ಅಕ್ಷರದಲ್ಲಿ ಸಾಲದ ಖಾತೆ ಸಂಖ್ಯೆ, ಚೆಕ್ಕಿನ ಸಂಖ್ಯೆ, ದಿನಾಂಕ. ಕೆಳಗೆ: 'ಸದರಿ ₹3,00,000ವನ್ನು ಮುಂದಿನ ಕಂತುಗಳ ಮುಂಗಡವೆಂದು ಪರಿಗಣಿಸದೆ, ಪೂರ್ತಿಯಾಗಿ ಅಸಲಿಗೆ ಜಮಾ ಮಾಡಿಕೊಳ್ಳಬೇಕು. ಮಾಸಿಕ ಕಂತು ಈಗಿನಷ್ಟೇ ಇರಲಿ, ಅವಧಿಯನ್ನು ಕಡಿತಗೊಳಿಸಿ. ಪರಿಷ್ಕೃತ ಮರುಪಾವತಿ ಪಟ್ಟಿಯ ಪ್ರತಿಯನ್ನು ನೀಡಬೇಕಾಗಿ ಕೋರುತ್ತೇನೆ.' ನಕಲು ಪ್ರತಿಯ ಮೇಲೆ ಶಾಖೆಯ ಸ್ವೀಕೃತಿ ಮೊಹರು ಒತ್ತಿ ಕೊಟ್ಟೆ.

'ಮುಂಗಡವೆಂದು ಪರಿಗಣಿಸದೆ' ಎಂಬ ಮಾತು ಬರೆಸಿದ್ದು ಅನುಭವದಿಂದ. ಹಿಂದೊಮ್ಮೆ ನಮ್ಮ ಶಾಖೆಯಲ್ಲೇ ಒಬ್ಬರ ಹಣ ಮುಂಗಡ ಕಂತುಗಳಾಗಿ ನಮೂದಾಗಿ, ತಿಂಗಳುಗಟ್ಟಲೆ ಅವರ ಖಾತೆಯಿಂದ ಕಂತೇ ಕಡಿತವಾಗಿರಲಿಲ್ಲ. ಸರಿಪಡಿಸುವಷ್ಟರಲ್ಲಿ ಅವರ ನೆಮ್ಮದಿ ಹಾಳಾಗಿತ್ತು, ಅದು ನನ್ನನ್ನು ಈಗಲೂ ಚುಚ್ಚುತ್ತದೆ. ಆದ್ದರಿಂದ ಮೇಷ್ಟ್ರಿಗೆ ಹೇಳಿದೆ: "ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಡ್ಡಿಯ ಕಾಲಂ ನೋಡಿ. ಇಲ್ಲಿಯವರೆಗೆ ₹13,300ರ ಆಸುಪಾಸು ಇತ್ತು, ಇನ್ನು ₹11,050ರ ಹತ್ತಿರ ಬರಬೇಕು. ಬರದಿದ್ದರೆ ಈ ನಕಲು ಹಿಡಿದು ನೇರ ನನ್ನ ಹತ್ತಿರ ಬನ್ನಿ."

2022ರ ಮೇ ನಂತರ ರೆಪೊ ದರ ಏರತೊಡಗಿ ಮತ್ತೊಂದು ಬಗೆಯ ಜನ ಬಂದರು. ಕಂತು ಬದಲಾಗಿಲ್ಲ, ಅವಧಿ ಮಾತ್ರ ಎಷ್ಟೋ ತಿಂಗಳು ಬೆಳೆದಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ದರ ಬದಲಾದಾಗ ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಭಾಗಶಃ ಹಣ ಕಟ್ಟುವುದೋ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸೂಚಿಸಿತು. ಈಗ ಮೊಬೈಲಿನಲ್ಲೇ ಹಣ ಕಟ್ಟುವವರಿದ್ದಾರೆ. ಅವರಿಗೂ ನಾನು ಪಟ್ಟಿ ಕೇಳಿ ಪಡೆಯಿರಿ ಎಂದೇ ಹೇಳುತ್ತೇನೆ.

ಮೇಷ್ಟ್ರಿಗೆ ಅಂದು ಹೊಸ ಪಟ್ಟಿಯನ್ನು ಪ್ರಿಂಟ್ ತೆಗೆದು ಕೊಟ್ಟಿದ್ದೆ. ಅವರು ನಡುವಿನ ಹಾಳೆಗಳನ್ನೆಲ್ಲ ಬಿಟ್ಟು ಕೊನೆಯ ಹಾಳೆಗೆ ಹೋದರು. 2034ರ ಜನವರಿಯಲ್ಲಿದ್ದ ಕೊನೆಯ ಕಂತು 2029ರ ಸೆಪ್ಟೆಂಬರಿಗೆ ಬಂದಿತ್ತು. ಆ ಸಾಲಿನ ಮೇಲೆ ಬೆರಳಿಟ್ಟು, "ನನ್ನ ರಿಟೈರ್‌ಮೆಂಟ್ 2030ರ ಮೇ ತಿಂಗಳು ಸಾರ್" ಎಂದರು.