‘ಬಹುದು’ ಮತ್ತು ‘ತಕ್ಕದ್ದು’

ಮೆಷಿನ್ ಅನುವಾದ ಮಾಡಿದ ಕನ್ನಡ ತಿದ್ದೋಕೆ ಕೂತರೆ ಕಣ್ಣು ಮೊದಲು ಒರಟು ವಾಕ್ಯಗಳ ಮೇಲೇ ಹೋಗುತ್ತೆ. ಇಂಗ್ಲಿಷ್‌ನಿಂದ ಬಂದ ಮನೆ ಬಾಡಿಗೆ ಕರಾರುಗಳನ್ನು ತಿದ್ದುತ್ತಾ ನಾವು ಕಂಡುಕೊಂಡದ್ದು ಬೇರೆ: ನಯವಾಗಿ ಓದಿಸಿಕೊಂಡು ಹೋಗುವ ವಾಕ್ಯವನ್ನೇ ಜಾಸ್ತಿ ಅನುಮಾನಿಸಬೇಕು.

ಒಂದು ಕಲಂ ನೋಡಿ: “ಬಾಡಿಗೆದಾರರು ಮನೆ ಖಾಲಿ ಮಾಡಿದ 30 ದಿನಗಳ ಒಳಗೆ, ಬಾಕಿ ಕಳೆದು ಉಳಿದ ಠೇವಣಿಯನ್ನು ಮಾಲೀಕರು ಹಿಂದಿರುಗಿಸಬಹುದು.” ಕಾಗುಣಿತ ಸರಿ, ವ್ಯಾಕರಣ ಸರಿ. ಆದರೆ ಮೂಲದಲ್ಲಿ ಇದ್ದದ್ದು ‘ಶಾಲ್’, ‘ಮೇ’ ಅಲ್ಲ. ‘ಶಾಲ್’ ಅಂದರೆ ಇಲ್ಲಿ ಕರ್ತವ್ಯ. ‘ಬಹುದು’ ಅಂದರೆ ಇಷ್ಟವಿದ್ದರೆ. ಆ ಒಂದು ಪ್ರತ್ಯಯದಿಂದ ಬಾಡಿಗೆದಾರರ ಹಕ್ಕು ಮಾಲೀಕರ ದಯೆ ಆಗಿಬಿಡ್ತು. ನಮ್ಮ ಕಾನೂನು ಕನ್ನಡದಲ್ಲಿ ಇದಕ್ಕೆ ‘ತಕ್ಕದ್ದು’ ಬಳಕೆಯಲ್ಲಿದೆ. ಹಾಗಾಗಿ ‘ಹಿಂದಿರುಗಿಸತಕ್ಕದ್ದು’ ಅಂತ ತಿದ್ದಿ, ಗಂಭೀರ ತಪ್ಪು ಅಂತ ಗುರುತು ಹಾಕಿದೆವು. ಕನ್ನಡ ಮಾತ್ರ ಓದುತ್ತಾ ಹೋದರೆ ಇದು ಸಿಗೋದೇ ಇಲ್ಲ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿ ಕ್ರಿಯಾಪದವನ್ನೂ ಹೋಲಿಸಬೇಕು.

ಮುಂದಿನ ಕಲಂ: “ಹಿಡುವಳಿದಾರರು ಮನೆಯನ್ನು ಸ್ವಚ್ಛವಾದ ಸ್ಥಿತಿಯಲ್ಲಿ ಇಟ್ಟುಕೊಳ್ಳತಕ್ಕದ್ದು.” ‘ಸ್ವಚ್ಛವಾದ ಸ್ಥಿತಿಯಲ್ಲಿ’ ಅನ್ನೋದು ‘ಸ್ವಚ್ಛವಾಗಿ’ ಅಂತಾದರೆ ಚೆಂದ, ಅಷ್ಟೇ. ಅದು ಶೈಲಿ. ಆದರೆ ಮೇಲಿನ ಕಲಮಿನಲ್ಲಿ ‘ಬಾಡಿಗೆದಾರರು’ ಇದ್ದವರು ಇಲ್ಲಿ ‘ಹಿಡುವಳಿದಾರರು’ ಆಗಿದ್ದಾರಲ್ಲ, ಅದು ಶೈಲಿ ಅಲ್ಲ. ಪ್ರಬಂಧದಲ್ಲಿ ಪದ ಬದಲಾಯಿಸಿದರೆ ಸೊಗಸು, ಕರಾರಿನಲ್ಲಿ ಬದಲಾಯಿಸಿದರೆ “ಇವರು ಬೇರೆಯವರಾ?” ಅನ್ನೋ ಪ್ರಶ್ನೆ ಏಳುತ್ತೆ.

ನಮ್ಮನ್ನು ಹೆಚ್ಚು ಹೊತ್ತು ಕೂರಿಸಿದ್ದು ಇದು: “ಬಾಡಿಗೆದಾರರು ಲಿಖಿತವಾಗಿ ತಿಳಿಸಿದ ಮೇಲೆ ಮಾಲೀಕರು ಅವರ ಖರ್ಚಿನಲ್ಲಿ ಪೈಪ್ ರಿಪೇರಿ ಮಾಡಿಸತಕ್ಕದ್ದು.” ಯಾರ ಖರ್ಚು? ಮೂಲದ ಪ್ರಕಾರ ಮಾಲೀಕರದ್ದೇ. ಕನ್ನಡದಲ್ಲಿ ‘ತಮ್ಮ’ ಅಂದಿದ್ದರೆ ಮಾಲೀಕರ ಕಡೆ ವಾಲುತ್ತಿತ್ತು. ‘ಅವರ’ ಅಂದದ್ದಕ್ಕೆ ಬಿಲ್ಲು ಬಾಡಿಗೆದಾರರ ಕಡೆ ತಿರುಗಿತು. ಸರ್ವನಾಮದ ಗೊಡವೆಯೇ ಬೇಡ ಅಂತ ‘ಮಾಲೀಕರು ಮಾಲೀಕರ ಖರ್ಚಿನಲ್ಲೇ’ ಅಂತ ಬರೆದೆವು. ಕೇಳೋಕೆ ಸ್ವಲ್ಪ ಒಡ್ಡು, ಆದರೆ ಎರಡು ಅರ್ಥ ಇಲ್ಲ.

ಅನುವಾದದ ಗುಣಮಟ್ಟ ಅಳೆಯುವವರು ತಪ್ಪುಗಳನ್ನು ಮೈನರ್, ಮೇಜರ್, ಕ್ರಿಟಿಕಲ್ ಅಂತ ವಿಂಗಡಿಸುತ್ತಾರೆ. ನಾವು ಕೇಳಿಕೊಂಡ ಪ್ರಶ್ನೆ ಒಂದೇ: ನಾಳೆ ಇವರಿಬ್ಬರೂ ಜಗಳಕ್ಕೆ ನಿಂತರೆ, ಯಾರು ಯಾರಿಗೆ ಏನನ್ನು ಯಾವಾಗ ಕೊಡಬೇಕು ಅನ್ನೋದು ಈ ಪದದಿಂದ ಬದಲಾಗುತ್ತಾ? ಆಗುತ್ತೆ ಅಂದ್ರೆ ಗಂಭೀರ. ಇಲ್ಲ ಅಂದ್ರೆ ಶೈಲಿ. ಸಮಯ ಇದ್ದರೆ ಮುಟ್ಟೋದು, ಇಲ್ಲದಿದ್ದರೆ ಬಿಡೋದು. ಚೆಂದಕ್ಕೆ ಅಂತ ತಿದ್ದಿದ ಜಾಗದಲ್ಲೂ ಹೊಸ ತಪ್ಪು ನುಸುಳಬಹುದು.

ಇನ್ನು ಇಂಗ್ಲಿಷ್ ಮೂಲವೇ ಎರಡು ಅರ್ಥ ಕೊಡುತ್ತಿದ್ದರೆ? ಆಗ ಒಂದು ಅರ್ಥವನ್ನು ನಾವೇ ಆರಿಸೋದಿಲ್ಲ. ಕಲಮಿನ ಸಂಖ್ಯೆ ಹಾಕಿ, ಕೆಲಸ ಕೊಟ್ಟವರಿಗೆ ಪ್ರಶ್ನೆ ಬರೆದು ಕಳಿಸುತ್ತೇವೆ. ಕರಾರು ಅವರದ್ದು, ಅರ್ಥ ತೀರ್ಮಾನ ಮಾಡಬೇಕಾದವರೂ ಅವರೇ.