ಮಕ್ಕಳೇ ಅಪ್ಪ ಅಮ್ಮ ಆದಾಗ

ಶಿವರಾತ್ರಿಯೂ ಪರೀಕ್ಷೆಯೂ ನಮ್ಮಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ನಮ್ಮ ಬೀದಿಯ ಜಾಗರಣೆಯಲ್ಲಿ ಭಜನೆಗಳ ನಡುವೆ ಮಕ್ಕಳದೊಂದು ಕಿರುನಾಟಕ ಇರುತ್ತದೆ. ಅದನ್ನು ಕಲಿಸುವ ಕೆಲಸ ಈ ಅಜ್ಜಿಯದು. ಈ ಸಲ ವಿಷಯವನ್ನು ಮಕ್ಕಳೇ ಆರಿಸಿದರು. "ಅಜ್ಜಿ, ನಾವು ಅಪ್ಪ ಅಮ್ಮ ಆಗ್ತೀವಿ, ದೊಡ್ಡೋರು ಮಕ್ಕಳಾಗಲಿ. ಪರೀಕ್ಷೆ ಟೈಮಲ್ಲಿ ಮನೆ ಹೇಗಿರುತ್ತೆ ಅಂತ ತೋರಿಸ್ತೀವಿ" ಎಂದರು.

ಕೇಳುವುದಕ್ಕೇನೋ ಚೆನ್ನಾಗಿದೆ. ಆದರೆ ಸ್ವಲ್ಪ ಹದ ತಪ್ಪಿದರೂ ಇಂಥ ನಾಟಕ ಅಣಕವಾಗಿಬಿಡುತ್ತದೆ. ಇಡೀ ಬೀದಿಯ ಎದುರು ಒಬ್ಬ ತಾಯಿ ತಲೆ ತಗ್ಗಿಸಿ ಕೂರುವಂತಾದರೆ, ಆ ನಗುವಿನಿಂದ ಯಾರಿಗೇನು ಬಂತು?

ಮೊದಲು ಒಂಬತ್ತು ಮಕ್ಕಳಿಗೂ ಮೂರು ಮೂರು ಚೀಟಿ ಕೊಟ್ಟೆ. ಪರೀಕ್ಷೆ ಹತ್ತಿರ ಬಂದಾಗ ಮನೆಯಲ್ಲಿ ಕೇಳುವ ಮಾತು ಬರೆಯಿರಿ, ಹೆಸರು ಬೇಡ ಎಂದೆ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಕುಲುಕಿ ತೆಗೆದೆವು. "ಮೊಬೈಲ್ ಕೆಳಗಿಡು" ಏಳು ಚೀಟಿಯಲ್ಲಿತ್ತು. "ನಮ್ಮ ಕಾಲದಲ್ಲಿ ಟ್ಯೂಷನ್ ಎಲ್ಲಿತ್ತು?" ಐದರಲ್ಲಿ. "ಪಕ್ಕದ ಮನೆಯವಳನ್ನ ನೋಡಿ ಕಲಿ" ನಾಲ್ಕರಲ್ಲಿ. ಮೂರು ಮನೆಗಿಂತ ಹೆಚ್ಚು ಕಡೆ ಕೇಳುವ ಮಾತು ಮಾತ್ರ ನಾಟಕಕ್ಕೆ ಎಂದು ತೀರ್ಮಾನಿಸಿದೆವು. ಎಲ್ಲರ ಮನೆಯ ಮಾತಿಗೆ ಎಲ್ಲರೂ ನಗಬಹುದು. ಒಂದೇ ಮನೆಯ ಮಾತಾದರೆ ಆ ಮನೆಯವರನ್ನೇ ಬೆರಳು ಮಾಡಿ ತೋರಿಸಿದಂತೆ.

ಒಂದು ಚೀಟಿಯಲ್ಲಿ, "ನೀನು ಹುಟ್ಟಿದ್ದೇ ದಂಡ" ಎಂದಿತ್ತು. ಅದನ್ನು ಗಟ್ಟಿಯಾಗಿ ಓದಲಿಲ್ಲ. ಒಂದು ಚೀಟಿ ನಾಟಕಕ್ಕಲ್ಲ, ಬರೆದವರು ಯಾವ ಸಂಜೆ ಬೇಕಾದರೂ ನನ್ನ ಹತ್ತಿರ ಬಂದು ಕೂರಬಹುದು ಎಂದಷ್ಟೇ ಹೇಳಿದೆ. ಎರಡು ದಿನ ಬಿಟ್ಟು ಒಂದು ಮಗು ಬಂತು. ಅದು ಬೇರೆ ಮಾತು, ಇಲ್ಲಿ ಬರೆಯುವುದಿಲ್ಲ. ನಗಿಸಬಾರದ ಮಾತೂ ಇರುತ್ತದೆ ಎಂಬುದು ಮಕ್ಕಳಿಗೆ ಅವತ್ತೇ ಅರ್ಥವಾಯಿತು.

ಪಾತ್ರ ಹಂಚುವಾಗ ಯಾರಿಗೂ ಅವರವರ ಅಪ್ಪ ಅಮ್ಮನ ಪಾತ್ರ ಕೊಡಲಿಲ್ಲ. ಅಪ್ಪನ ಕುಂಟು ನಡಿಗೆ, ಅಮ್ಮನ ದಪ್ಪ ಮೈ, ಊರ ಕಡೆಯ ಮಾತಿನ ಧಾಟಿ ಯಾವುದೂ ಬೇಡ ಎಂದೆ. ಅವರು ಮಾಡುವುದನ್ನು ತೋರಿಸಿ, ಅವರು ಇರುವ ರೀತಿಯನ್ನಲ್ಲ. ಓದದ ಹುಡುಗ 'ಪುಟ್ಟ'ನಾಗಿ ಬೀದಿಯ ಅಪ್ಪನೊಬ್ಬರೇ ಚಡ್ಡಿ ಹಾಕಿಕೊಂಡು ಬಂದರು. ಪುಸ್ತಕದೊಳಗೆ ಮೊಬೈಲ್ ಇಟ್ಟುಕೊಳ್ಳುವುದು, ಗಣಿತ ಎಂದ ಕೂಡಲೇ ಹೊಟ್ಟೆನೋವು ಬರಿಸಿಕೊಳ್ಳುವುದು, ಎಲ್ಲವನ್ನೂ ಆಡಿ ತೋರಿಸಿದರು. ಹೀಗೆ ನಗು ಎರಡೂ ಕಡೆಗೆ ಸಮನಾಗಿ ಹಂಚಿತು.

ಇಷ್ಟಾದರೂ ಮೊದಲ ತಾಲೀಮಿನಲ್ಲಿ ಮಕ್ಕಳ ಅಪ್ಪ ಅಮ್ಮ ಬರೀ ಬೈಯುತ್ತಿದ್ದರು. ಏಕೆಂದರೆ ಮಕ್ಕಳು ಕೇಳಿದ್ದನ್ನು ಮಾತ್ರ ತಂದಿದ್ದರು. "ಬೈದಾದ ಮೇಲೆ ಅವರು ಏನು ಮಾಡ್ತಾರೆ?" ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. "ಇವತ್ತು ಮಲಗಿದ ಹಾಗೆ ಮಾಡಿ, ನೋಡಿಕೊಂಡು ಬನ್ನಿ" ಎಂದು ಕಳಿಸಿದೆ.

ಮರುದಿನ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ಒಬ್ಬಳ ಅಮ್ಮ ಎರಡು ಅಲಾರಂ ಇಟ್ಟು, ಆಮೇಲೂ ಎದ್ದು ಗಡಿಯಾರ ನೋಡಿದರಂತೆ. ಒಬ್ಬನ ಅಪ್ಪ ಜಾಮಿಟ್ರಿ ಬಾಕ್ಸ್ ತೆಗೆದು, ಪೆನ್ನುಗಳನ್ನೆಲ್ಲ ಹಳೇ ಪೇಪರಿನ ಮೇಲೆ ಗೀಚಿ ನೋಡಿ ವಾಪಸ್ ಇಟ್ಟರಂತೆ. ಇನ್ನೊಬ್ಬರು ಟಿವಿಯ ಸದ್ದು ಪೂರ್ತಿ ತೆಗೆದು ಕ್ರಿಕೆಟ್ ನೋಡುತ್ತಿದ್ದರಂತೆ. ಪೆನ್ನಿನ ವಿಷಯವನ್ನೂ ಸದ್ದಿಲ್ಲದ ಟಿವಿಯ ವಿಷಯವನ್ನೂ ಇನ್ನೂ ಹಲವರು "ನಮ್ಮನೇಲೂ ಹಾಗೇ" ಎಂದರು. ನಾಟಕದ ಎರಡನೇ ಅರ್ಧ ಅಲ್ಲೇ ಸಿಕ್ಕಿತು.

ಜಾಗರಣೆಯ ರಾತ್ರಿ ನಾನು ನೋಡುತ್ತಿದ್ದದ್ದು ವೇದಿಕೆಯನ್ನಲ್ಲ, ಕೂತಿದ್ದವರನ್ನು. ನಗುವಾಗ ಎಲ್ಲರೂ ತಿರುಗಿ ಒಬ್ಬರನ್ನೇ ನೋಡಿದರೆ ಅದು ಅಣಕ. ಗಂಡ ಹೆಂಡತಿ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರೆ ಚಿಂತೆಯಿಲ್ಲ. "ಪಕ್ಕದ ಮನೆಯವಳನ್ನ ನೋಡಿ ಕಲಿ" ಎಂದಾಗ ಪಕ್ಕದ ಮನೆಯವಳ ಅಮ್ಮನೇ ಜೋರಾಗಿ ನಕ್ಕರು. ಅವರ ಮನೆಯಲ್ಲೂ ಅದೇ ಮಾತು!

ಆಮೇಲೆ ಪುಟ್ಟ ಮಲಗಿದ. ಏಳನೇ ತರಗತಿಯ ಅಪ್ಪ ಸದ್ದಿಲ್ಲದ ಟಿವಿಯ ಮುಂದೆ ಕೂತ. ಸಿಕ್ಸರ್ ಹೋಯಿತು. ಎದ್ದು ಕುಣಿದ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು. ಜನ ನಕ್ಕರು. ಕುಣಿತ ನಿಲ್ಲಿಸಿ ಅವನು ಪುಟ್ಟನ ಪೆನ್ನುಗಳನ್ನು ಒಂದೊಂದಾಗಿ ಗೀಚಿ ನೋಡತೊಡಗಿದಾಗ ನಗು ತಾನಾಗಿ ನಿಂತಿತು. ಅಲ್ಲಿಗೇ ಪರದೆ. ಬುದ್ಧಿಮಾತು ಬೇಡವೆಂದು ಮೊದಲೇ ಹೇಳಿದ್ದೆ.

ಪ್ರಸಾದ ಹಂಚುವಾಗ ಮೂವರು ಅಪ್ಪಂದಿರು, ಒಬ್ಬರಾದ ಮೇಲೊಬ್ಬರು, ನನ್ನ ಹತ್ತಿರ ಬಂದು ಗುಟ್ಟಾಗಿ ಕೇಳಿದರು: "ಆ ಪೆನ್ನು ಗೀಚಿದ್ದು ನಾನೇ ಅಲ್ವಾ, ಅಮ್ಮಾ?"